ಯಂತ್ರ ಓದಿದ ವೋಚರ್‌ಗಳಿಂದ ಸ್ಯಾಂಪಲ್: ತಾಳೆಯಾದ ಸಾಲುಗಳನ್ನೂ ತೆರೆದು ನೋಡಿದ ಕೆಲಸದ ದಾಖಲೆ

ಒಂದು ವರ್ಷದ ಪಾವತಿ ವೋಚರ್‌ಗಳಲ್ಲಿರುವ ಮೊತ್ತವೂ ಲೆಡ್ಜರ್‌ಗೆ ಏರಿಸಿದ ಮೊತ್ತವೂ ಒಂದೇ ಇವೆಯೇ ಎಂದು ಸ್ಯಾಂಪಲ್ ತೆಗೆದು ಪರೀಕ್ಷಿಸಿ, ಆಡಿಟ್ ಫೈಲಿನಲ್ಲಿ ತೀರ್ಮಾನ ಬರೆಯುವುದು ನಮ್ಮ ಕೆಲಸವಾಗಿತ್ತು. ಲೆಡ್ಜರ್‌ನಲ್ಲಿ 12,000 ಪಾವತಿ ಎಂಟ್ರಿಗಳಿದ್ದವು. ವೋಚರ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ಒಸಿಆರ್ ತಂತ್ರಾಂಶದಿಂದ ಸಂಖ್ಯೆ, ದಿನಾಂಕ, ಮೊತ್ತ ಈ ಮೂರನ್ನು ಎತ್ತಿದ ಪಟ್ಟಿಯೊಂದನ್ನು ನಮಗೆ ಕೊಟ್ಟಿದ್ದರು. ಆ ಪಟ್ಟಿಯ ಓದುದೋಷ ನಮ್ಮ ತೀರ್ಮಾನವನ್ನು ಯಾವ ಕಡೆಗೆ, ಎಷ್ಟು ಎಳೆಯಿತು ಎಂಬುದನ್ನು ಹಂತ ಹಂತವಾಗಿ ಬರೆದಿಟ್ಟಿದ್ದೇನೆ. ಯಾರ ಲೆಕ್ಕವೆಂದು ಗುರುತು ಸಿಗದಿರಲಿ ಎಂದು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ, ಲೆಕ್ಕದ ದಾರಿ ಹಾಗೆಯೇ ಇದೆ.

ಬಳಸಿದ್ದು: ಲೆಡ್ಜರ್‌ನ ಸಿಎಸ್‌ವಿ ಕಡತ, ಒಸಿಆರ್ ಪಟ್ಟಿ, ಸ್ಕ್ಯಾನ್ ಚಿತ್ರಗಳು, ಮೂಲ ವೋಚರ್ ಕಟ್ಟುಗಳು, ಒಂದು ಸ್ಪ್ರೆಡ್‌ಶೀಟ್, ಸ್ವಲ್ಪ ಪೈಥಾನ್.

ಹಂತ 1. ಎಷ್ಟು ತಪ್ಪನ್ನು ತಡೆದುಕೊಳ್ಳಬಹುದು ಎಂದು ಮೊದಲೇ ಬರೆದಿಟ್ಟದ್ದು

ವೋಚರ್‌ಗೂ ಲೆಡ್ಜರ್‌ಗೂ ಮೊತ್ತ ಬೇರೆಯಾಗಿದ್ದರೆ ಅದೊಂದು ವ್ಯತ್ಯಾಸ. ಇಡೀ ವರ್ಷದಲ್ಲಿ ಅಂಥವು 5% ಒಳಗಿದ್ದರೆ ಲೆಡ್ಜರ್‌ಗೆ ಏರಿಸುವ ಪದ್ಧತಿಯ ಮೇಲೆ ನಂಬಿಕೆಯಿಡಬಹುದು, ಅದಕ್ಕಿಂತ ಹೆಚ್ಚಿದ್ದರೆ ಇಡಲಾಗದು ಎಂದು ಗೊತ್ತುಮಾಡಿಕೊಂಡೆವು. ವಿಶ್ವಾಸಮಟ್ಟ 95%.

ಸ್ಯಾಂಪಲ್ ಎಷ್ಟಿರಬೇಕು ಎಂಬುದಕ್ಕೆ ಆಡಿಟ್‌ನವರು ಬಳಸುವ ಪಾಯಿಸಾನ್ ಗುಣಕಗಳನ್ನೇ ಹಿಡಿದೆವು. 95% ವಿಶ್ವಾಸಕ್ಕೆ, ಸ್ಯಾಂಪಲ್‌ನಲ್ಲಿ ಒಂದೂ ವ್ಯತ್ಯಾಸ ಸಿಗದಿದ್ದರೆ ಗುಣಕ 3.00, ಒಂದು ಸಿಕ್ಕರೆ 4.75, ಎರಡಕ್ಕೆ 6.30, ಮೂರಕ್ಕೆ 7.75. ಗುಣಕವನ್ನು ಸ್ಯಾಂಪಲ್ ಗಾತ್ರದಿಂದ ಭಾಗಿಸಿದರೆ ಇಡೀ ಸಮೂಹದಲ್ಲಿ ವ್ಯತ್ಯಾಸ ಹೆಚ್ಚೆಂದರೆ ಎಷ್ಟಿರಬಹುದು ಎಂಬ ಮೇಲ್ಮಿತಿ ಬರುತ್ತದೆ. ಒಂದು ವ್ಯತ್ಯಾಸಕ್ಕೆ ಜಾಗ ಬಿಟ್ಟರೆ 4.75 ಭಾಗಿಸು 0.05, ಅಂದರೆ 95 ವೋಚರ್ ಬೇಕು. 100 ಎಂದು ಇಟ್ಟುಕೊಂಡೆವು.

ಗುಣಕದ ಬದಲು ಕರಾರುವಾಕ್ಕಾದ ದ್ವಿಪದ ಮೇಲ್ಮಿತಿ ಬೇಕೆಂದರೆ ಇಷ್ಟು ಸಾಕು:

```python
from scipy.stats import beta

def upper(k, n, conf=0.95):
    return beta.ppf(conf, k + 1, n - k)
```

ಇದು ಗುಣಕದ ಲೆಕ್ಕಕ್ಕಿಂತ ಚೂರು ಕಡಿಮೆ ಕೊಡುತ್ತದೆ. ಫೈಲ್ ಓದುವವರು ಕೈಯಲ್ಲೇ ಲೆಕ್ಕ ಹಾಕಿ ನೋಡಲೆಂದು ಗುಣಕವನ್ನೇ ಉಳಿಸಿಕೊಂಡೆ.

ಹಂತ 2. ಯಾವ ಪಟ್ಟಿಯಿಂದ ಆರಿಸುವುದು

ಒಸಿಆರ್ ಪಟ್ಟಿಯಲ್ಲಿ 11,742 ಸಾಲುಗಳಿದ್ದವು. ಎರಡು ಸಲ ಸ್ಕ್ಯಾನ್ ಆದವು, ವೋಚರ್ ಸಂಖ್ಯೆಯೇ ತಪ್ಪಾಗಿ ಓದಿ ಬೇರೆ ಎಂಟ್ರಿಗೆ ಅಂಟಿಕೊಂಡವು, ಹಿಂಬದಿಯ ಪುಟವನ್ನೇ ಹೊಸ ವೋಚರ್ ಎಂದು ಎಣಿಸಿದವು, ಇವನ್ನೆಲ್ಲ ಬಿಡಿಸಿದ ಮೇಲೆ ಲೆಡ್ಜರ್‌ನ 11,681 ಎಂಟ್ರಿಗಳಿಗೆ ತಲಾ ಒಂದು ಓದು ಉಳಿಯಿತು. 319 ಎಂಟ್ರಿಗಳಿಗೆ ಓದೇ ಇರಲಿಲ್ಲ.

ಈ 319 ಎಲ್ಲ ಕಡೆಯೂ ಸಮನಾಗಿ ಚದುರಿರಲಿಲ್ಲ. ಬಹುಪಾಲು ಎರಡೇ ಕಟ್ಟುಗಳಲ್ಲಿದ್ದವು. ಒಂದರಲ್ಲಿ ಕಾರ್ಬನ್ ಪ್ರತಿಗಳು, ಇನ್ನೊಂದರಲ್ಲಿ ಮಾಸಿಹೋದ ಥರ್ಮಲ್ ಕಾಗದ. ಸ್ಕ್ಯಾನರ್ ಎರಡು ಹಾಳೆಯನ್ನು ಒಟ್ಟಿಗೆ ಎಳೆದ ಕಡೆ ಒಂದೊಂದು ವೋಚರ್ ಕಾಣೆಯಾಗಿತ್ತು. ಒಸಿಆರ್ ಪಟ್ಟಿಯಿಂದ ಸ್ಯಾಂಪಲ್ ತೆಗೆದಿದ್ದರೆ ಇವು ಆಯ್ಕೆಗೆ ಬರುವ ಸಾಧ್ಯತೆಯೇ ಇರುತ್ತಿರಲಿಲ್ಲ. ಓದಲು ಕಷ್ಟವಾದ ವೋಚರನ್ನು ಲೆಡ್ಜರ್‌ಗೆ ಏರಿಸಿದ ಗುಮಾಸ್ತರಿಗೂ ಅದು ಕಷ್ಟವೇ ಆಗಿರುತ್ತದೆ, ಹಾಗಾಗಿ ತಪ್ಪು ಇರುವ ಸಂಭವ ಹೆಚ್ಚಿರುವ ಭಾಗವೇ ಪರೀಕ್ಷೆಯ ಹೊರಗೆ ಉಳಿಯುತ್ತಿತ್ತು. ಆದ್ದರಿಂದ ಆಯ್ಕೆಯ ಪಟ್ಟಿ ಲೆಡ್ಜರ್‌ನ 12,000 ಎಂಟ್ರಿಗಳದ್ದೇ ಆಗಬೇಕು ಎಂದು ಬರೆದು ಮುಂದುವರಿದೆವು.

```python
import pandas as pd

ledger = pd.read_csv("ledger.csv", dtype=str)
assert ledger["voucher_no"].is_unique
ledger.sample(n=100, random_state=20417).to_csv("sample_100.csv", index=False)
```

ಯಾವ ನೂರು ಆಯ್ಕೆಯಾಗುತ್ತವೆ ಎಂಬುದನ್ನು ಗೊತ್ತುಮಾಡುವ `random_state` ಸಂಖ್ಯೆಯನ್ನು ವರ್ಕಿಂಗ್ ಪೇಪರ್‌ನಲ್ಲಿ ಮೊದಲೇ ಬರೆದಿಟ್ಟರೆ, ಇಷ್ಟವಾಗುವ ತನಕ ಸ್ಯಾಂಪಲ್ ಬದಲಿಸಿದರು ಎಂಬ ಮಾತು ಬರುವುದಿಲ್ಲ. `dtype=str` ಕೂಡ ಬೇಕು. ಅದಿಲ್ಲದಿದ್ದರೆ ವೋಚರ್ ಸಂಖ್ಯೆಯ ಮುಂದಿನ ಸೊನ್ನೆಗಳು ಉದುರಿಹೋಗಿ ಜೋಡಣೆಯೇ ಕೆಡುತ್ತದೆ.

ಹಂತ 3. ಮೊದಲ ತಾಳೆ, ಮೊದಲ ತೀರ್ಮಾನ

100ರಲ್ಲಿ 3ಕ್ಕೆ ಯಂತ್ರದ ಓದು ಇರಲಿಲ್ಲ. ಅವನ್ನು ಬಿಟ್ಟು ಬೇರೆ ಮೂರು ತೆಗೆದುಕೊಳ್ಳುವುದು ಸುಲಭ, ಆದರೆ ಹಾಗೆ ಮಾಡುವಂತಿಲ್ಲ. ಆಯ್ಕೆಯಾದ ಐಟಂ ಮೇಲೆ ಪರೀಕ್ಷೆಯನ್ನೂ ಅದಕ್ಕೆ ತಕ್ಕ ಪರ್ಯಾಯವನ್ನೂ ಮಾಡಲಾಗದಿದ್ದರೆ ಅದನ್ನು ವ್ಯತ್ಯಾಸವೆಂದೇ ಎಣಿಸಬೇಕು ಎನ್ನುತ್ತದೆ ಸ್ಯಾಂಪ್ಲಿಂಗ್ ಕುರಿತ ಅಂತರರಾಷ್ಟ್ರೀಯ ಆಡಿಟಿಂಗ್ ಮಾನದಂಡ ಐಎಸ್ಎ 530. ಮೂಲ ಕಾಗದ ತೆಗೆಸಿ ಕಣ್ಣಿನಿಂದಲೇ ಓದಿದೆವು, ಮೂರೂ ತಾಳೆಯಾದವು.

ಉಳಿದ 97ರಲ್ಲಿ ಯಂತ್ರ ಓದಿದ ಮೊತ್ತವನ್ನು ಲೆಡ್ಜರ್‌ಗೆ ಹಿಡಿದಾಗ 89 ತಾಳೆಯಾದವು, 8 ಆಗಲಿಲ್ಲ. ಹಾಗೆಯೇ ಎಣಿಸಿದರೆ 8ಕ್ಕೆ ಗುಣಕ 14.43, ಮೇಲ್ಮಿತಿ 14.4%. ಆದರೆ ಆ ಎಂಟರಲ್ಲಿ ಎಷ್ಟು ಲೆಕ್ಕದ ತಪ್ಪು, ಎಷ್ಟು ಓದಿನ ತಪ್ಪು? ಎಂಟು ವೋಚರ್‌ಗಳನ್ನೂ ತೆರೆದೆವು. ಏಳರಲ್ಲಿ ಕಾಗದವೂ ಲೆಡ್ಜರ್ರೂ ಸರಿಯಿದ್ದು ಯಂತ್ರ ಮಾತ್ರ ತಪ್ಪಾಗಿ ಓದಿತ್ತು. ಒಂದರಲ್ಲಿ ಲೆಡ್ಜರ್ರೇ ತಪ್ಪಾಗಿತ್ತು, ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿದ್ದವು.

ಹೀಗೆ 100ರಲ್ಲಿ 1 ವ್ಯತ್ಯಾಸ. 4.75 ಭಾಗಿಸು 100, ಮೇಲ್ಮಿತಿ 4.75%. ಮಿತಿ 5%. ನಂಬಬಹುದು ಎಂಬ ತೀರ್ಮಾನದ ಕರಡು ಸಿದ್ಧವಾಯಿತು.

ಕರಡನ್ನು ಪರಿಶೀಲಿಸಿದ ಹಿರಿಯ ಸಹೋದ್ಯೋಗಿ ಒಂದೇ ಪ್ರಶ್ನೆ ಬರೆದು ವಾಪಸ್ ಕಳಿಸಿದರು: "ತಾಳೆಯಾದ 89ನ್ನು ಯಾರು ನೋಡಿದ್ದಾರೆ?"

ಯಾರೂ ನೋಡಿರಲಿಲ್ಲ. ತಾಳೆಯಾಗದ ಸಾಲು ಗಮನ ಸೆಳೆಯುತ್ತದೆ, ತೆರೆದು ನೋಡುತ್ತೇವೆ. ನೋಡಿದಾಗಲೆಲ್ಲ ವ್ಯತ್ಯಾಸದ ಎಣಿಕೆ ಇಳಿಯುವುದೇ ಹೊರತು ಏರುವುದಿಲ್ಲ. ಎಂಟು ಇದ್ದದ್ದು ಒಂದಾಯಿತು. ಎಣಿಕೆ ಏರಬಹುದಾದ ಕಡೆಗೆ, ಅಂದರೆ ತಾಳೆಯಾದ ಸಾಲುಗಳ ಕಡೆಗೆ, ನಮ್ಮ ಪರೀಕ್ಷೆ ಹೋಗಲೇ ಇಲ್ಲ. ಒಂದೇ ಕಡೆಯ ತಿದ್ದುಪಡಿ ಮಾಡಿ ಬಂದ ಅಂಕಿಯನ್ನು 5% ಜೊತೆ ಹೋಲಿಸುವುದು ಸರಿಯಾದ ಹೋಲಿಕೆಯಲ್ಲ.

ಹಂತ 4. ತಾಳೆಯಾದ 89

ಎಲ್ಲ 89 ಮೂಲ ಕಾಗದಗಳನ್ನೂ ತೆರೆದೆವು. 87 ಸರಿಯಿದ್ದವು. ಎರಡರಲ್ಲಿ ಕಾಗದದ ಮೊತ್ತವೇ ಬೇರೆ, ಆದರೆ ಯಂತ್ರದ ಪಟ್ಟಿಯಲ್ಲಿ ಲೆಡ್ಜರ್‌ನ ಮೊತ್ತವೇ ಕೂತಿತ್ತು.

ಮೊದಲನೆಯದರಲ್ಲಿ 18,450 ಎಂದು ಮುದ್ರಿಸಿದ್ದನ್ನು ಮಂಜೂರು ಮಾಡುವಾಗ ಗೆರೆ ಎಳೆದು ಮೇಲೆ ಕೈಯಲ್ಲಿ 16,450 ಎಂದು ಬರೆದು ಸಹಿ ಹಾಕಿದ್ದರು. ಲೆಡ್ಜರ್‌ನಲ್ಲಿ 18,450. ಎರಡನೆಯದರಲ್ಲಿ ಒಟ್ಟು ಮೊತ್ತ, ಕಡಿತ, ಕೊಡಬೇಕಾದ ನಿವ್ವಳ ಮೊತ್ತ ಮೂರೂ ಒಂದೇ ಪುಟದಲ್ಲಿದ್ದವು. ಏರಿಸಬೇಕಾದದ್ದು ನಿವ್ವಳ, ಲೆಡ್ಜರ್‌ಗೆ ಏರಿದ್ದು ಒಟ್ಟು.

ಎರಡೂ ಕಡೆ ಯಂತ್ರ ಆಕಸ್ಮಿಕವಾಗಿ ಲೆಡ್ಜರ್‌ನ ಅಂಕಿಗೇ ಬಂದು ನಿಂತಿರಲಾರದು ಎನಿಸಿ, ಪಟ್ಟಿ ತಯಾರಿಸಿದವರ ಬಳಿ ತಂತ್ರಾಂಶದ ಹೊಂದಿಕೆಗಳನ್ನು ತರಿಸಿದೆವು. ಕಾರಣ ಅಲ್ಲೇ ಇತ್ತು. ಓದಿನ ಬಗ್ಗೆ ತಂತ್ರಾಂಶಕ್ಕೆ ಖಾತ್ರಿ ಕಡಿಮೆಯಿದ್ದಾಗ ಅಥವಾ ಪುಟದಲ್ಲಿ ಹಲವು ಮೊತ್ತ ಕಂಡಾಗ, ಒಂದು ಉಲ್ಲೇಖ ಪಟ್ಟಿಗೆ ಹೋಲಿಸಿ ಅದರಲ್ಲಿರುವ ಅಂಕಿಯನ್ನೇ ಆರಿಸು ಎಂದು ಹೊಂದಿಸಿದ್ದರು. ಆ ಉಲ್ಲೇಖ ಪಟ್ಟಿ ಬೇರೇನೂ ಅಲ್ಲ, ಲೆಡ್ಜರ್ರೇ. ಬಿಲ್ ಬೇಗ ಏರಿಸುವ ಕೆಲಸಕ್ಕೆ ಈ ಹೊಂದಿಕೆ ತುಂಬ ಅನುಕೂಲ. ಆಡಿಟ್‌ಗೆ ಮಾತ್ರ ಇದು ಪರೀಕ್ಷೆಯನ್ನೇ ಅಳಿಸಿಹಾಕುತ್ತದೆ, ಏಕೆಂದರೆ ಸಂಶಯವಿದ್ದ ಕಡೆಯೆಲ್ಲ ಲೆಡ್ಜರನ್ನು ಲೆಡ್ಜರ್‌ಗೇ ಹಿಡಿದು ನೋಡಿದಂತಾಗುತ್ತದೆ. ಸಂಸ್ಥೆಯಿಂದ ಬಂದ ಮಾಹಿತಿಯನ್ನು ಪುರಾವೆಯಾಗಿ ಬಳಸುವ ಮುನ್ನ ಅದು ಸರಿಯೇ, ಪೂರ್ತಿಯೇ ಎಂದು ನೋಡಬೇಕು ಎಂಬ ಐಎಸ್ಎ 500ರ ಮಾತು ಇಂಥ ಹೊಂದಿಕೆಗೂ ಅನ್ವಯಿಸುತ್ತದೆ.

ಈಗ 100ರಲ್ಲಿ 3 ವ್ಯತ್ಯಾಸ. 7.75 ಭಾಗಿಸು 100, ಮೇಲ್ಮಿತಿ 7.75%. ನಂಬಲಾಗದು.

ಅದೇ ನೂರು ವೋಚರ್‌ಗಳು ಮೂರು ಉತ್ತರ ಕೊಟ್ಟವು. ಯಂತ್ರದ ಎಣಿಕೆಯಲ್ಲಿ 14.4%, ಅರ್ಧ ತಿದ್ದಿದಾಗ 4.75%, ಪೂರ್ತಿ ನೋಡಿದಾಗ 7.75%. ಇದರಲ್ಲಿ ಹೆಚ್ಚು ಕೇಡು ಮಾಡುವುದು ನಡುವಿನದು. ಮೊದಲನೆಯದನ್ನು ನೋಡಿದ ಯಾರಿಗೂ ಏನೋ ಸರಿಯಿಲ್ಲ ಎನಿಸುತ್ತದೆ, ಕೆಲಸ ಮುಂದುವರಿಯುತ್ತದೆ. ನಡುವಿನದು ಅಚ್ಚುಕಟ್ಟಾಗಿ ಕಾಣುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಂತ 5. ಉಲ್ಲೇಖ ಪಟ್ಟಿ ತೆಗೆದು ಮತ್ತೆ ಓದಿಸಿದ್ದು

ಲೆಡ್ಜರ್ ಜೊತೆಗಿನ ಕೊಂಡಿಯನ್ನು ಕಡಿಸಿ, ಅದೇ ಚಿತ್ರಗಳನ್ನು ಮತ್ತೆ ಓದಿಸಿದೆವು. 11,681ರಲ್ಲಿ 1,150 ತಾಳೆಯಾಗಲಿಲ್ಲ, ಅಂದರೆ 9.8%.

ಸ್ಯಾಂಪಲ್ ದೊಡ್ಡದು ಮಾಡಿದರೆ ಸಾಲದೇ ಎಂಬ ಸಲಹೆ ಆಗ ತಂಡದಲ್ಲಿ ಬಂತು. ಸಾಲದು. ಯಂತ್ರ ತೋರಿಸುವ ದರ ಎಂದರೆ, ಹೆಚ್ಚುಕಡಿಮೆ, ನಿಜ ವ್ಯತ್ಯಾಸದ ದರಕ್ಕೆ ಓದುದೋಷದ ದರ ಸೇರಿಸಿದ್ದು. ಓದುದೋಷವೊಂದೇ 8% ಇದ್ದರೆ, ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲದ ಸಂಸ್ಥೆಯೂ 5%ರ ಪರೀಕ್ಷೆಯಲ್ಲಿ ಸೋಲುತ್ತದೆ. 100ರ ಬದಲು 1,000 ತೆಗೆದರೆ ಆ 8%ಕ್ಕೆ ಇನ್ನೂ ಹತ್ತಿರ ಹೋಗುತ್ತೇವೆ ಅಷ್ಟೇ. ಸ್ಯಾಂಪಲ್ ಗಾತ್ರ ಅದೃಷ್ಟದ ಏರಿಳಿತವನ್ನು ಕುಗ್ಗಿಸುತ್ತದೆ, ಒಂದೇ ಕಡೆಗೆ ವಾಲಿದ ಅಳತೆಗೋಲನ್ನು ನೆಟ್ಟಗೆ ಮಾಡುವುದಿಲ್ಲ.

ಹಾಗಾಗಿ ಯಂತ್ರವನ್ನು ಜರಡಿಯಂತೆ ಬಳಸಲು ನಿರ್ಧರಿಸಿದೆವು. ತಾಳೆಯಾಗದ 1,150ನ್ನೂ ಒಂದೊಂದಾಗಿ ನೋಡುವುದು, ತಾಳೆಯಾದ 10,531ರಿಂದ ಸ್ಯಾಂಪಲ್ ತೆಗೆಯುವುದು, ಓದೇ ಇಲ್ಲದ 319ನ್ನು ಕೈಯಿಂದಲೇ ಪೂರ್ತಿ ನೋಡುವುದು. ಮೊದಲ ಮತ್ತು ಮೂರನೆಯ ಭಾಗದಲ್ಲಿ ಎಲ್ಲವನ್ನೂ ನೋಡುವುದರಿಂದ ಅಲ್ಲಿ ಸ್ಯಾಂಪ್ಲಿಂಗ್ ಅನಿಶ್ಚಯವೇ ಉಳಿಯುವುದಿಲ್ಲ. ಅನಿಶ್ಚಯ ಉಳಿಯುವುದು ತಾಳೆಯಾದವುಗಳಲ್ಲಿ ಮಾತ್ರ.

ಹಂತ 6. 1,150 ಮತ್ತು 319

ತೆರೆಯ ಎಡಕ್ಕೆ ಚಿತ್ರ, ಬಲಕ್ಕೆ ಲೆಡ್ಜರ್ ಮೊತ್ತ. ಒಂದಕ್ಕೆ ಸರಾಸರಿ 40 ಸೆಕೆಂಡ್ ಹಿಡಿಯಿತು, 1,150ಕ್ಕೂ ಸೇರಿ ಸುಮಾರು 13 ಗಂಟೆಯ ಕೆಲಸ. ಚಿತ್ರದಲ್ಲಿ ಸ್ಪಷ್ಟವಿಲ್ಲದ್ದಕ್ಕೂ, ನಿಜ ವ್ಯತ್ಯಾಸವೆಂದು ಕಂಡದ್ದಕ್ಕೂ ಮೂಲ ಕಾಗದ ತೆಗೆಸಿದೆವು. ಸ್ಕ್ಯಾನ್‌ಗಿಂತ ಮೂಲ ದಾಖಲೆಯೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಆಡಿಟ್‌ನ ಸಾಮಾನ್ಯ ನಿಯಮ, ಅದು ಇಲ್ಲಿ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಚಿತ್ರದಲ್ಲಿ 3 ಎಂದು ಕಂಡದ್ದು ಕಾಗದದಲ್ಲಿ ರಬ್ಬರ್ ಸ್ಟಾಂಪಿನ ಶಾಯಿ ಬಿದ್ದ 8 ಆಗಿದ್ದುಂಟು.

ಫಲ: 1,150ರಲ್ಲಿ 214 ನಿಜ ವ್ಯತ್ಯಾಸ, 936 ಓದುದೋಷ. ಕೈಯಿಂದ ನೋಡಿದ 319ರಲ್ಲಿ 11 ನಿಜ ವ್ಯತ್ಯಾಸ. ಒಟ್ಟು ಗೊತ್ತಾದದ್ದು 225.

ಹಂತ 3 ಮತ್ತು 4ರಲ್ಲಿ ಸಿಕ್ಕಿದ್ದ ಮೂರು ಈ 225ರಲ್ಲಿ ಇವೆಯೇ ಎಂದು ತಕ್ಷಣ ಹುಡುಕಿದೆವು. ಮೂರೂ ಇದ್ದವು. ಅಡಗಿದ್ದ ಆ ಎರಡು ಈ ಸಲ ತಾವಾಗಿಯೇ ತಾಳೆಯಾಗದ ರಾಶಿಗೆ ಬಂದು ಬಿದ್ದಿದ್ದವು. ಹೊಂದಿಕೆ ಬದಲಿಸಿದ್ದು ನಿಜಕ್ಕೂ ಕೆಲಸ ಮಾಡಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ನಮ್ಮ ಬಳಿ ಇರಲಿಲ್ಲ.

936 ಓದುದೋಷ ಎಂದರೆ ಓದಿದವುಗಳಲ್ಲಿ 8.0%. ತಂತ್ರಾಂಶದ ವಿವರಣೆಯಲ್ಲಿ 99% ನಿಖರತೆ ಎಂದಿತ್ತು, ಅದು ಸುಳ್ಳೂ ಅಲ್ಲ. ಆ 99% ಒಂದೊಂದು ಅಕ್ಷರಕ್ಕೆ ಸಂಬಂಧಿಸಿದ್ದು. ದಶಮಾಂಶ ಚುಕ್ಕೆಯೂ ಸೇರಿ ಎಂಟು ಅಕ್ಷರಗಳ ಮೊತ್ತ ಪೂರ್ತಿ ಸರಿಯಾಗಿ ಬರಬೇಕಾದರೆ ಎಂಟೂ ಸರಿಯಿರಬೇಕು. 0.99ರ ಎಂಟನೇ ಘಾತ 0.923, ಅಂದರೆ ಮೊತ್ತದ ಮಟ್ಟದಲ್ಲಿ 7.7% ತಪ್ಪು. ಆಡಿಟ್‌ಗೆ ಬೇಕಾದದ್ದು ಈ ಎರಡನೆಯ ಅಂಕಿ.

ಆದರೆ ಸರಾಸರಿ 8% ಎಂಬುದೂ ದಾರಿ ತಪ್ಪಿಸುತ್ತದೆ. ಮುದ್ರಿತ ವೋಚರ್ 8,781ರಲ್ಲಿ ತಪ್ಪು ಓದು 236, ಅಂದರೆ 2.7%. ಕೈಬರಹದ 2,900ರಲ್ಲಿ 700, ಅಂದರೆ 24%. ಮೊತ್ತದ ಮೊದಲ ಅಂಕಿ ಚೌಕದ ಗೆರೆಗೆ ತಾಗಿ ಮಾಯವಾಗುವುದು, ದಶಮಾಂಶ ಚುಕ್ಕೆ ಬಿಟ್ಟುಹೋಗುವುದು, ಹೊಡೆದುಹಾಕಿದ ಅಂಕಿಯನ್ನೇ ಓದುವುದು, 1 ಮತ್ತು 7, 0 ಮತ್ತು 6 ಅದಲುಬದಲಾಗುವುದು, ಇವೇ ಮುಖ್ಯ ಬಗೆಗಳು.

ಹಂತ 7. ತಾಳೆಯಾದ 10,531ಕ್ಕೆ ನಿಯಮ

ಲೆಡ್ಜರ್ ಜೊತೆ ಸಂಬಂಧವೇ ಇಲ್ಲದೆ ಯಂತ್ರ ಓದಿದ ಮೇಲೂ, ತಪ್ಪು ಓದು ತಪ್ಪು ಲೆಡ್ಜರ್‌ಗೆ ಹೇಗೆ ತಾಳೆಯಾದೀತು ಎಂದು ಕೇಳಬಹುದು. ಎರಡೂ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ ಅದು ತೀರ ಅಪರೂಪ, ಅಷ್ಟು ಅಂಕಿಗಳಲ್ಲಿ ಒಂದೇ ಕಡೆ ಒಂದೇ ತಪ್ಪು ಆಗಬೇಕು. ಆದರೆ ಅವು ಯಾವಾಗಲೂ ಸಂಬಂಧವಿಲ್ಲದವಲ್ಲ. 7ರಂತೆ ಕಾಣುವ 1 ಬರೆದಿದ್ದರೆ ಲೆಡ್ಜರ್‌ಗೆ ಏರಿಸಿದವರೂ 7 ಎಂದೇ ಓದುತ್ತಾರೆ, ಯಂತ್ರವೂ 7 ಎಂದೇ ಓದುತ್ತದೆ. ಕಾರಣ ಕಾಗದದಲ್ಲೇ ಇರುವಾಗ ಇಬ್ಬರೂ ಒಂದೇ ಗುಂಡಿಗೆ ಬೀಳುತ್ತಾರೆ. ಅದಕ್ಕೇ ಈ ಭಾಗವನ್ನು ಶೂನ್ಯ ಎಂದು ಊಹಿಸಿಕೊಳ್ಳಲಾಗದು, ಅಳೆಯಬೇಕು.

ಸ್ಯಾಂಪಲ್ ಗಾತ್ರ 200. ಒಂದೂ ಕಟ್ಟು ತೆರೆಯುವ ಮುನ್ನ ಎಷ್ಟು ಸಿಕ್ಕರೆ ಯಾವ ತೀರ್ಮಾನ ಎಂದು ಬರೆದಿಟ್ಟೆವು. 12,000ದ 5% ಎಂದರೆ 600 ವ್ಯತ್ಯಾಸ. 225 ಆಗಲೇ ಗೊತ್ತಾಗಿದೆ, ಉಳಿದ ಜಾಗ 375. ಅದು 10,531ರ 3.56%. ಇನ್ನೂರರ ಸ್ಯಾಂಪಲ್‌ಗೆ ಇದನ್ನು ಗುಣಿಸಿದರೆ 7.12. ಗುಣಕಗಳ ಸಾಲಿನಲ್ಲಿ 2ಕ್ಕೆ 6.30, 3ಕ್ಕೆ 7.75. ಹಾಗಾಗಿ ಎರಡರವರೆಗೆ ಸಿಕ್ಕರೆ ನಂಬಬಹುದು, ಮೂರಾದರೆ ಇಲ್ಲ.

ಇದನ್ನು ಮೊದಲೇ ಬರೆಯದಿದ್ದರೆ ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ: ನೂರರಲ್ಲಿ ಸೋತಿರಿ, ಈಗ ಗೆಲ್ಲುವ ತನಕ ಸೇರಿಸುತ್ತಿದ್ದೀರಿ. ಸೋತಾಗಲೆಲ್ಲ ಸ್ಯಾಂಪಲ್ ಬೆಳೆಸುತ್ತ ಹೋದರೆ 95% ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಹಳೆಯ ನೂರನ್ನು ನಾವು ಎಸೆದೂ ಇಲ್ಲ, ಅದರ ಮೂರು ವ್ಯತ್ಯಾಸಗಳೂ 225ರಲ್ಲಿ ಎಣಿಕೆಯಾಗಿವೆ. ನಿಯಮವೂ, ಹೊಸ ಸ್ಯಾಂಪಲ್‌ನ `random_state` ಕೂಡ ದಿನಾಂಕ ಹಾಕಿ ಫೈಲ್ ಸೇರಿದ ನಂತರವೇ ಕಟ್ಟುಗಳನ್ನು ತೆರೆದದ್ದು.

ಹಂತ 8. ಕುರುಡು ಓದು

ಇಲ್ಲಿ ಎರಡೋ ಮೂರೋ ಎಂಬುದರ ಮೇಲೆ ತೀರ್ಮಾನ ನಿಂತಿರುವುದರಿಂದ, ನೋಡುವವರ ಕಣ್ಣಿನ ತಪ್ಪೂ ಲೆಕ್ಕಕ್ಕೆ ಬರುತ್ತದೆ. 18,450 ಎಂಬ ಅಂಕಿ ಎದುರಿಗಿದ್ದರೆ ಕಾಗದದಲ್ಲೂ 18,450 ಕಾಣುವುದು ಮನುಷ್ಯ ಸಹಜ. ಅದಕ್ಕೆ ಇಬ್ಬರಿಗೆ ಮೂಲ ಕಾಗದ ಮತ್ತು ಖಾಲಿ ಹಾಳೆ ಮಾತ್ರ ಕೊಟ್ಟೆವು, ಲೆಡ್ಜರ್ ಮೊತ್ತವನ್ನಾಗಲಿ ಯಂತ್ರದ ಓದನ್ನಾಗಲಿ ತೋರಿಸಲಿಲ್ಲ. ಇಬ್ಬರೂ ಬೇರೆಬೇರೆಯಾಗಿ ಮೊತ್ತ ಬರೆದರು. ಇಬ್ಬರೂ ಒಪ್ಪದ ಕಡೆ ಮೂರನೆಯವರು ವೋಚರ್‌ಗೆ ಲಗತ್ತಿಸಿದ ಬಿಲ್ ನೋಡಿ ತೀರ್ಮಾನಿಸಿದರು.

ಆಮೇಲೆ ಲೆಡ್ಜರ್‌ಗೆ ಹಿಡಿದಾಗ 200ರಲ್ಲಿ 1 ವ್ಯತ್ಯಾಸ ಸಿಕ್ಕಿತು. ಲೆಡ್ಜರ್‌ನಲ್ಲೂ ಯಂತ್ರದಲ್ಲೂ 7,310, ಲಗತ್ತಿಸಿದ ಬಿಲ್ಲಿನ ಪ್ರಕಾರ 1,310. ಕೈಬರಹದ ವೋಚರ್. ಕುರುಡಾಗಿ ಓದಿದ ಇಬ್ಬರಲ್ಲೂ ಒಬ್ಬರು 7 ಎಂದೇ ಬರೆದಿದ್ದರು. ಒಬ್ಬರಿಗೇ ಕೊಟ್ಟಿದ್ದರೆ ಇದು ಸಿಗುತ್ತಿತ್ತೋ ಇಲ್ಲವೋ ಎಂಬುದು ಯಾರ ಕೈಗೆ ಹೋಯಿತು ಎಂಬುದರ ಮೇಲೆ ನಿಲ್ಲುತ್ತಿತ್ತು.

ಲೆಕ್ಕ: 4.75 ಭಾಗಿಸು 200, 2.375%. ಅದನ್ನು 10,531ಕ್ಕೆ ಹಾಕಿದರೆ 250. ಗೊತ್ತಾದ 225 ಸೇರಿಸಿ 475. 12,000ದಲ್ಲಿ 3.96%. ಮಿತಿಯ ಒಳಗಿದೆ, ಏರಿಸುವ ಪದ್ಧತಿಯನ್ನು ನಂಬಬಹುದು.

ಕರಡಿನ ತೀರ್ಮಾನಕ್ಕೇ ಮರಳಿದೆವಲ್ಲ, ಇಷ್ಟೆಲ್ಲ ಯಾಕೆ ಎಂದು ತಂಡದಲ್ಲಿ ಒಬ್ಬರು ಕೇಳಿದರು. ಹಂತ 3ರ 4.75% ಅರ್ಧ ಪರೀಕ್ಷೆಯ ಮೇಲೆ ನಿಂತಿತ್ತು, ಅದರ ಹಿಂದೆ ನಿಜವಾಗಿ ಇದ್ದದ್ದು 7.75%. ಅದು ಸಮೂಹ ಕೆಟ್ಟದ್ದಾಗಿದ್ದಕ್ಕೆ ಬಂದದ್ದೂ ಅಲ್ಲ, ನೂರು ವೋಚರ್ ಅಷ್ಟು ಹೇಳಲು ಸಾಲದೆ ಬಂದದ್ದು. ಈಗ ನಮ್ಮ ಅತ್ಯುತ್ತಮ ಅಂದಾಜು 225 ಮತ್ತು 10,531ರ ಇನ್ನೂರರಲ್ಲೊಂದು ಭಾಗ, ಸುಮಾರು 53 ಸೇರಿ 278, ಅಂದರೆ 2.3%. ನೂರರಲ್ಲಿ ಮೂರು ಸಿಕ್ಕಿದ್ದಕ್ಕೆ ಇದು ಹೊಂದುತ್ತದೆ.

ಆದರೂ ತೀರ್ಮಾನ ಎಷ್ಟು ಗಟ್ಟಿ ಎಂಬುದನ್ನು ವರ್ಕಿಂಗ್ ಪೇಪರ್‌ನಲ್ಲಿ ಬರೆಯಲೇಬೇಕಿತ್ತು. ಆ ಇನ್ನೂರರಲ್ಲಿ 2 ಸಿಕ್ಕಿದ್ದರೆ ಮೇಲ್ಮಿತಿ 4.6% ಆಗಿ ಉಳಿದುಕೊಳ್ಳುತ್ತಿತ್ತು, 3 ಸಿಕ್ಕಿದ್ದರೆ 5.3% ಆಗಿ ಬೀಳುತ್ತಿತ್ತು. ಇನ್ನೊಂದು ಕೊರತೆಯೂ ಇದೆ. ತಾಳೆಯಾದವುಗಳಲ್ಲಿ ಕೈಬರಹದವು ಐದರಲ್ಲೊಂದು ಪಾಲು ಮಾತ್ರ, ಹಾಗಾಗಿ ಇನ್ನೂರರಲ್ಲಿ ಅವು ಸುಮಾರು 40. ಅಪಾಯ ಹೆಚ್ಚಿರುವ ಕಡೆಯೇ ಕಡಿಮೆ ನೋಡಿದಂತಾಯಿತು. ಕೈಬರಹದವಕ್ಕೆ ಪ್ರತ್ಯೇಕ ಸ್ಯಾಂಪಲ್ ಇಟ್ಟು ಅದರದೇ ಮೇಲ್ಮಿತಿ ಹಾಕುವುದು ಇದಕ್ಕಿಂತ ಒಳ್ಳೆಯ ವಿನ್ಯಾಸ. ಮುಂದಿನ ವರ್ಷದ ಯೋಜನೆಯಲ್ಲಿ ಹಾಗೆಯೇ ಬರೆದಿದ್ದೇನೆ.

ಹಂತ 9. ಮೊತ್ತಕ್ಕೆ ತಕ್ಕಂತೆ ಆರಿಸುವಾಗ

ಮೇಲಿನದೆಲ್ಲ ಎಷ್ಟು ವೋಚರ್ ತಪ್ಪು ಎಂಬುದರ ಲೆಕ್ಕ. ಎಷ್ಟು ಹಣ ತಪ್ಪು ಎಂಬುದಕ್ಕೆ ದೊಡ್ಡ ಮೊತ್ತಕ್ಕೆ ಹೆಚ್ಚು ಅವಕಾಶ ಕೊಡುವ ಹಣದ ಘಟಕದ ಸ್ಯಾಂಪ್ಲಿಂಗ್ ಬೇಕು, ಅದನ್ನು ಬೇರೆಯಾಗಿ ಮಾಡಿದೆವು. ಅಲ್ಲಿ ಓದುದೋಷ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಪ್ರಯೋಗಕ್ಕೆಂದು ಯಂತ್ರ ಓದಿದ ಮೊತ್ತದ ಮೇಲೆ ಆಯ್ಕೆ ಓಡಿಸಿದಾಗ, 4,250.00 ಎಂಬುದನ್ನು 425000 ಎಂದು ಓದಿದ ವೋಚರ್ ಆಯ್ಕೆಯಲ್ಲಿ ಮೇಲೆ ಬಂದಿತ್ತು. ನೂರು ಪಟ್ಟು ದೊಡ್ಡದಾಗಿ ಕಂಡದ್ದಕ್ಕೆ ನೂರು ಪಟ್ಟು ಅವಕಾಶ ಸಿಕ್ಕಿತ್ತು. ಇದು ಕಣ್ಣಿಗೆ ಬೀಳುತ್ತದೆ. ಬೀಳದಿರುವುದು ಇದರ ಉಲ್ಟಾ. ಮೊದಲ ಅಂಕಿ ಮಾಯವಾಗಿ 48,500 ಎಂಬುದು 8,500 ಆದರೆ, ಅದು ಆಯ್ಕೆಯಾಗುವ ಅವಕಾಶ ಐದರಲ್ಲೊಂದು ಪಾಲಿಗಿಂತ ಕಡಿಮೆಗೆ ಇಳಿಯುತ್ತದೆ, ಮತ್ತು ಆಯ್ಕೆಯಾಗದ ವೋಚರ್ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಆಯ್ಕೆಗೆ ಲೆಡ್ಜರ್ ಮೊತ್ತವನ್ನೇ ಬಳಸಿದೆವು, ಯಂತ್ರದ ಓದು ಆಯ್ಕೆಯ ನಂತರ ಹೋಲಿಸಲು ಮಾತ್ರ.

ಗೊತ್ತಾದ 226 ವ್ಯತ್ಯಾಸಗಳ ಪಟ್ಟಿಯನ್ನು ಮೊತ್ತ ಸಮೇತ ಸಂಸ್ಥೆಯ ಲೆಕ್ಕವಿಭಾಗಕ್ಕೆ ತಿದ್ದಲು ಕೊಟ್ಟಿದ್ದೇವೆ. ಮಂಜೂರಾತಿಯಲ್ಲಿ ಮೊತ್ತ ಇಳಿಸಿದರೂ ಹಳೆಯದನ್ನೇ ಏರಿಸಿದ ವೋಚರ್‌ಗಳಿಗೆ ಬೇರೆ ಗುರುತು ಹಾಕಿದ್ದೇವೆ, ಅಲ್ಲಿ ಹೆಚ್ಚು ಹಣ ಹೊರಗೆ ಹೋಗಿರಬಹುದು. ಕಟ್ಟಿನಲ್ಲಿರುವ ವೋಚರ್ ಲೆಡ್ಜರ್‌ಗೆ ಏರಿದೆಯೇ ಎಂಬ ಹಿಮ್ಮುಖ ಪರೀಕ್ಷೆ ಇನ್ನೂ ಬಾಕಿಯಿದೆ. ಲೆಡ್ಜರ್‌ನಿಂದ ಆರಿಸಿದ ಯಾವ ಸ್ಯಾಂಪಲ್ಲೂ ಅದಕ್ಕೆ ಉತ್ತರ ಕೊಡಲಾರದು, ಕಟ್ಟುಗಳನ್ನೇ ಎಣಿಸಿ ಅಲ್ಲಿಂದಲೇ ಆರಿಸಬೇಕು.